ಗೆರೆಗೆ ಮಾತು ಕೊಡುವುದು



ಇಂದಿನ ನನ್ನ ಮಾತಿಗೆಲ್ಲ ಆಧಾರವಾಗಿರುವುದು ಒಂದು ಗ್ರಾಫ್. ಅದನ್ನು ನಿಮಗೆ ತೋರಿಸುವ ಉಪಾಯ ನನ್ನಲ್ಲಿಲ್ಲ. ಬಾನುಲಿಯ ಮುಂದೆ ಕುಳಿತವರಿಗೆ ಯಾರೂ ಏನನ್ನೂ ತೋರಿಸಲಾರರು. ಆದ್ದರಿಂದ ಮುಂದಿನ ಕಾಲು ಗಂಟೆ ಕಣ್ಣುಳ್ಳ ಕೇಳುಗರೂ ಕಣ್ಣು ಕಾಣದ ಕೇಳುಗರೂ ಒಂದೇ ಪಂಕ್ತಿಯಲ್ಲಿ ಕುಳಿತವರು. ನಾನು ಹೇಳಿದ್ದಷ್ಟೇ ನಿಮ್ಮ ಪಾಲಿನ ಗ್ರಾಫ್; ನಾನು ಹೇಳದೆ ಬಿಟ್ಟದ್ದು ನಿಮ್ಮ ಪಾಲಿಗೆ ಇಲ್ಲ. ಇಂದಿನ ವಿಷಯದ ಕಷ್ಟವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಈ ಕೆಲಸಕ್ಕೆ ನಾನಾಗಿ ಹೋದವನಲ್ಲ. ನಿವೃತ್ತಿಯಾಗಿ ಕೆಲವು ವರ್ಷಗಳಾದ ಮೇಲೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮಗಳನ್ನು ಮನೆಗೆ ಕರೆತಂದರು. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ. ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು ಬಿ.ಎ. ಓದುತ್ತಿದ್ದಳು. ಅವಳ ಪಠ್ಯವೆಲ್ಲ ಕಂಪ್ಯೂಟರಿನಲ್ಲಿತ್ತು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಅವಳು ಬಳಸುತ್ತಿದ್ದದ್ದು ಎನ್‌ವಿಡಿಎ ಎಂಬುದನ್ನು. ಆಸ್ಟ್ರೇಲಿಯದ ಇಬ್ಬರು ಅಂಧ ತರುಣರು 2006ರಲ್ಲಿ ಆರಂಭಿಸಿ, ಯಾರಿಗೂ ಬೆಲೆಯಿಲ್ಲದೆ ದೊರೆಯುವಂತೆ ಮಾಡಿದ ತಂತ್ರಾಂಶವದು. ಕನ್ನಡವನ್ನೂ ಓದುತ್ತದೆ, ಧ್ವನಿ ಸ್ವಲ್ಪ ಯಂತ್ರದ್ದೇ, ಆದರೆ ಅರ್ಥಕ್ಕೆ ಮೋಸವಿಲ್ಲ. ಹುಡುಗಿ ನನ್ನೆದುರಿಗೆ ಒಂದು ಪಾಠವನ್ನು ತೆರೆದಳು. ಯಂತ್ರ ಓದುತ್ತ ಹೋಯಿತು: "ಸ್ವಾತಂತ್ರ್ಯಾನಂತರ ಭಾರತದಲ್ಲಿ ಸಾಕ್ಷರತೆಯ ಬೆಳವಣಿಗೆಯನ್ನು ಕೆಳಗಿನ ಗ್ರಾಫ್‌ನಲ್ಲಿ ಕಾಣಬಹುದು." ಅನಂತರ "ಗ್ರಾಫಿಕ್" ಎಂದಿತು, image003.png ಎಂಬ ಕಡತದ ಹೆಸರನ್ನು ಅಕ್ಷರ, ಅಂಕಿ, ಚುಕ್ಕೆ ಸಹಿತ ಉಚ್ಚರಿಸಿತು. ಆಮೇಲೆ, "ಇದರಿಂದ ಸ್ಪಷ್ಟವಾಗುವಂತೆ" ಎಂದು ಮುಂದಿನ ವಾಕ್ಯಕ್ಕೆ ಹೋಯಿತು.

"ಏನು ಸ್ಪಷ್ಟವಾಯಿತು ಸಾರ್?" ಎಂದು ಕೇಳಿದಳು. ಅವಳ ಧ್ವನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಹಿಂದಿನ ಪರೀಕ್ಷೆಯಲ್ಲಿ ಅದೇ ಗ್ರಾಫ್‌ನ ಮೇಲೆ ಪ್ರಶ್ನೆಯಿತ್ತಂತೆ: ಗಂಡಸರ ಹಾಗೂ ಹೆಂಗಸರ ಸಾಕ್ಷರತೆಯ ಅಂತರ ಯಾವ ಗಣತಿಯಲ್ಲಿ ಅತ್ಯಧಿಕವಾಗಿತ್ತು? ಬರೆದುಕೊಡಲು ಬಂದ ಸಹಾಯಕಿ ಗ್ರಾಫ್ ನೋಡಿ, "ಎರಡು ಗೆರೆ ಇವೆ, ಎರಡೂ ಮೇಲಕ್ಕೆ ಹೋಗಿವೆ" ಎಂದಳಂತೆ. ಇವಳು ಆ ಪ್ರಶ್ನೆಯನ್ನು ಬಿಟ್ಟು ಬಂದಿದ್ದಳು. ಅವಳಿಗೆ ಉತ್ತರ ತಿಳಿಯದೆ ಹೋದದ್ದಲ್ಲ, ಪ್ರಶ್ನೆಯೇ ಅವಳನ್ನು ತಲುಪಿರಲಿಲ್ಲ.

ನಾನು ಕನ್ನಡದ ಮೇಷ್ಟ್ರು. ಪದ್ಯಗಳಿಗೆ ಅರ್ಥ ಬರೆಸುತ್ತಲೇ ಆಯುಷ್ಯ ಸವೆಸಿದವನು. ಎರಡು ಗೆರೆಗಳ ಅರ್ಥ ಬರೆಯುವುದು ಎಷ್ಟರ ಮಾತು ಎಂದುಕೊಂಡೆ. ಆ ಸಂಜೆಯೇ ಕುಳಿತು ಬರೆದೆ. ಬರೆದದ್ದನ್ನು ನಾಲ್ಕು ಸಲ ಹರಿದುಹಾಕಬೇಕಾಯಿತು. ಆ ನಾಲ್ಕು ತಪ್ಪುಗಳನ್ನು ಕ್ರಮವಾಗಿ ಹೇಳಿದರೆ, ಈ ವಿದ್ಯೆಯ ಬಹುಭಾಗವನ್ನು ಹೇಳಿದಂತೆಯೇ ಆಗುತ್ತದೆ.

ಮೊದಲನೆಯ ತಪ್ಪು ಲಿಪಿಯದು. ನನ್ನ ಬರೆವಣಿಗೆಯನ್ನು ನಾನು ಬಹುಕಾಲದಿಂದ ಬಳಸುತ್ತಿದ್ದ ಹಳೆಯ ಕನ್ನಡ ಫಾಂಟಿನಲ್ಲಿಯೇ ಮಾಡಿದ್ದೆ. ಪರದೆಯ ಮೇಲೆ ಅದು ಮುತ್ತು ಪೋಣಿಸಿದಂತೆ ಕಾಣುತ್ತಿತ್ತು. ಹುಡುಗಿಯ ಯಂತ್ರ ಅದನ್ನು ತೆರೆದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಬಡಬಡಿಸತೊಡಗಿತು. ಕಾರಣ ಸರಳವಾದದ್ದು. ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವಕ್ಕೆ ಕನ್ನಡದ ಆಕಾರವನ್ನು ಮೇಲೆ ಹೊದಿಸಿರುತ್ತಾರೆ. ಕಣ್ಣು ಹೊದಿಕೆಯನ್ನು ನೋಡುತ್ತದೆ. ಯಂತ್ರದ ಕಿವಿ ಒಳಗಿನದನ್ನು ಓದುತ್ತದೆ. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಮಾತ್ರ "ಕ" ಎಂಬುದು ಒಳಗೂ "ಕ" ಆಗಿಯೇ ಉಳಿಯುತ್ತದೆ. ಕನ್ನಡದಲ್ಲಿ ಇಂಥ ವಿವರಣೆ ಬರೆಯುವವರು ಮೊದಲು ನೋಡಬೇಕಾದದ್ದು ಇದನ್ನು. ಎಷ್ಟು ಚೆನ್ನಾಗಿ ಬರೆದರೇನು, ಬರೆದದ್ದು ಕನ್ನಡವೇ ಆಗಿರದಿದ್ದರೆ?

ಎರಡನೆಯದು ಅಳತೆಯ ತಪ್ಪು. ಚಿತ್ರದೊಡನೆ ಗುಟ್ಟಾಗಿ ಕಟ್ಟಿಡುವ ಮಾತಿಗೆ ಆಲ್ಟ್ ಟೆಕ್ಸ್ಟ್, ಎಂದರೆ ಪರ್ಯಾಯ ಪಠ್ಯ, ಎಂದು ಹೆಸರು. ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ಯಂತ್ರ ಚಿತ್ರದ ಬಳಿಗೆ ಬಂದಾಗ ಅದನ್ನು ಓದುತ್ತದೆ. ಪದ ಸಂಸ್ಕರಣೆಯ ತಂತ್ರಾಂಶಗಳಲ್ಲಿ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಅದನ್ನು ತುಂಬುವ ಜಾಗ ಸಿಗುತ್ತದೆ. ನಾನು ಒಂದೂವರೆ ಪುಟವನ್ನು ಅಲ್ಲಿಯೇ ತುಂಬಿಬಿಟ್ಟೆ. ಹುಡುಗಿ ಕೇಳುತ್ತ ಕೇಳುತ್ತ ನಡುವೆ ಒಂದು ಅಂಕಿಯನ್ನು ತಪ್ಪಿಸಿಕೊಂಡಳು. ಹಿಂದಕ್ಕೆ ಹೋಗಿ ಆ ಒಂದು ಸಾಲನ್ನು ಕೇಳೋಣವೆಂದರೆ ಆಗಲಿಲ್ಲ. ಸಾಮಾನ್ಯ ಪಠ್ಯದಲ್ಲಿ ಸಾಲು ಸಾಲಾಗಿ, ಪದ ಪದವಾಗಿ, ಬೇಕಾದರೆ ಅಕ್ಷರ ಅಕ್ಷರವಾಗಿ ಹಿಂದೆಮುಂದೆ ಓಡಾಡಬಹುದು. ಪರ್ಯಾಯ ಪಠ್ಯ ಸಾಧಾರಣವಾಗಿ ಒಂದೇ ಉಸಿರಿನಲ್ಲಿ ಬರುತ್ತದೆ. ತಪ್ಪಿದರೆ ಮತ್ತೆ ಮೊದಲಿನಿಂದಲೇ ಕೇಳಬೇಕು. ಹೀಗಾಗಿ ಗ್ರಾಫ್‌ನ ವಿವರಣೆ ಎರಡು ತುಂಡುಗಳಾಗಬೇಕು. ಚಿತ್ರದೊಡನೆ ಕಟ್ಟುವುದು ಕೆಲವೇ ಪುಟ್ಟ ವಾಕ್ಯ ಮಾತ್ರ: ಇದು ಯಾವುದರ ಗ್ರಾಫ್, ಅದರ ಸಾರವೇನು, ಉಳಿದದ್ದು ಎಲ್ಲಿದೆ. ವಿಸ್ತಾರವಾದದ್ದು ಚಿತ್ರದ ಕೆಳಗೆ, ಎಲ್ಲರ ಕಣ್ಣಿಗೂ ಬೀಳುವ ಸಾಮಾನ್ಯ ಪಠ್ಯವಾಗಿ ಇರಬೇಕು. "ಇದು ಒಂದು ಚಿತ್ರ" ಎಂದು ಆರಂಭಿಸುವುದೂ ದಂಡ. "ಗ್ರಾಫಿಕ್" ಎಂದು ಯಂತ್ರವೇ ಮೊದಲು ಹೇಳಿರುತ್ತದೆ.

ಮೂರನೆಯ ತಪ್ಪು ಇವೆರಡಕ್ಕಿಂತ ದೊಡ್ಡದು. ಅದು ಕಣ್ಣಿನ ತಪ್ಪು. ಗ್ರಾಫ್‌ನಲ್ಲಿರುವುದೇನೆಂದು ಈಗ ಹೇಳುತ್ತೇನೆ. ಮನಸ್ಸಿದ್ದವರು ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೈಗೆ ತೆಗೆದುಕೊಳ್ಳಿ. ಭಾರತದ ಜನಗಣತಿ 1951ರಿಂದ 2011ರವರೆಗೆ ಏಳು ಸಲ ನಡೆಯಿತು. ಪ್ರತಿ ಗಣತಿಯಲ್ಲಿ ನೂರು ಗಂಡಸರಲ್ಲಿ ಎಷ್ಟು ಮಂದಿ ಸಾಕ್ಷರರು, ನೂರು ಹೆಂಗಸರಲ್ಲಿ ಎಷ್ಟು ಮಂದಿ ಎಂಬುದನ್ನು ಎರಡು ಗೆರೆಗಳು ತೋರಿಸುತ್ತವೆ. ಗಂಡಸರ ಗೆರೆ ಮೇಲೆ, ಹೆಂಗಸರ ಗೆರೆ ಕೆಳಗೆ. ನಾನು ನೋಡಿ ಬರೆದದ್ದು ಹೀಗಿತ್ತು: "ಎರಡೂ ಗೆರೆಗಳು ಮೇಲಕ್ಕೆ ಏರುತ್ತವೆ, ಅವುಗಳ ನಡುವಿನ ಅಂತರ ಕ್ರಮೇಣ ಕಡಿಮೆಯಾಗುತ್ತ ಬರುತ್ತದೆ."

ಬರೆದದ್ದು ಸರಿಯೇ ಎಂದು ಪರೀಕ್ಷಿಸಲು, ಹೈಸ್ಕೂಲಿನಲ್ಲಿದ್ದ ಮೊಮ್ಮಗನನ್ನು ಕೂರಿಸಿಕೊಂಡೆ. ಮೂಲ ಗ್ರಾಫನ್ನು ಅವನಿಗೆ ತೋರಿಸಲಿಲ್ಲ. ನಾನು ಓದಿದ್ದನ್ನು ಕೇಳಿ ಅವನು ಹಾಳೆಯ ಮೇಲೆ ಎಳೆದ. ಅವನ ಚಿತ್ರದಲ್ಲಿ ಎರಡು ಗೆರೆಗಳು ಎಡಗಡೆ ದೂರ ದೂರ ಆರಂಭವಾಗಿ, ಬಲಗಡೆ ಒಂದಾಗಿ ಸೇರಿಬಿಟ್ಟಿದ್ದವು! 2011ರ ಹೊತ್ತಿಗೆ ಭಾರತದ ಗಂಡಸು ಹೆಂಗಸರನ್ನು ನನ್ನ ವಾಕ್ಯ ಸಮಾನರನ್ನಾಗಿ ಮಾಡಿತ್ತು. ಹುಡುಗನ ತಪ್ಪೇನೂ ಇಲ್ಲ. ಗೆರೆಗಳು ಎಲ್ಲಿಯೂ ಕೂಡುವುದಿಲ್ಲ ಎಂದು ನಾನು ಹೇಳಿರಲಿಲ್ಲ. ನೋಡುವವನಿಗೆ ಹೇಳದೆ ತಿಳಿಯುವ ಸಂಗತಿ ಇದು. ಕೇಳುವವನಿಗೆ ಹೇಳಿಯೇ ತೀರಬೇಕು.

ಅಲ್ಲಿಗೆ ಮುಗಿಯಲಿಲ್ಲ. ಮೊಮ್ಮಗ ಅಂಕಿಗಳ ಪಟ್ಟಿಯನ್ನು ಕೇಳಿ ಪಡೆದು ಕಳೆಯುವ ಲೆಕ್ಕ ಮಾಡಿದ. 1951ರಲ್ಲಿ ಗಂಡಸರು ನೂರಕ್ಕೆ 27.2, ಹೆಂಗಸರು 8.9, ಅಂತರ 18.3. ಹತ್ತು ವರ್ಷಗಳ ಅನಂತರ, 1961ರಲ್ಲಿ, ಅಂತರ 25. 1971ರಲ್ಲಿ 24. 1981ರಲ್ಲಿ 26.6. ಅಂತರ ಕಡಿಮೆಯಾಗುತ್ತ ಬಂದಿತೆಂದು ಬರೆದಿದ್ದೆನಲ್ಲ, ಮೊದಲ ಮೂವತ್ತು ವರ್ಷಗಳಲ್ಲಿ ಅದು ಒಟ್ಟಿನಲ್ಲಿ ಹೆಚ್ಚಿತ್ತು! ಕಡಿಮೆಯಾಗಲು ತೊಡಗಿದ್ದು 1981ರಿಂದ ಈಚೆಗೆ: 1991ರಲ್ಲಿ 24.8, 2001ರಲ್ಲಿ 21.6, 2011ರಲ್ಲಿ 16.3. ಪರೀಕ್ಷೆಯಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ 1981. ನಾನು ಬರೆದುದನ್ನು ನಂಬಿದ್ದರೆ ಹುಡುಗಿ 1951 ಎಂದು ಬರೆದು ಬರುತ್ತಿದ್ದಳು. ಏನೂ ತಿಳಿಯದಿದ್ದಾಗ ಪ್ರಶ್ನೆಯನ್ನು ಬಿಟ್ಟಿದ್ದಳು. ನನ್ನ ವಿವರಣೆಯಿಂದ ತಪ್ಪನ್ನು ಧೈರ್ಯವಾಗಿ ಬರೆಯುತ್ತಿದ್ದಳು.

ಕಣ್ಣಿರುವ ನಾನು ಇಷ್ಟು ತಪ್ಪಾಗಿ ಕಂಡದ್ದು ಹೇಗೆ? ಇದಕ್ಕೆ ಒಂದು ಹಳೆಯ ಕಥೆಯಿದೆ. ಇಂಥ ಗೆರೆಯ ಗ್ರಾಫ್‌ಗಳನ್ನು ವ್ಯಾಪಾರದ ಲೆಕ್ಕಕ್ಕೆ ಮೊದಲು ಬಳಕೆಗೆ ತಂದವನು ವಿಲಿಯಂ ಪ್ಲೇಫೇರ್. ಲಂಡನ್ನಿನಲ್ಲಿ 1786ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳು ಎರಡು ಗೆರೆಗಳಾಗಿ ಓಡುತ್ತವೆ. ಅವುಗಳ ನಡುವಿನ ಜಾಗವೇ ಲಾಭ ನಷ್ಟದ ಲೆಕ್ಕ. ಸುಮಾರು ಇನ್ನೂರು ವರ್ಷಗಳ ಅನಂತರ ವಿಲಿಯಂ ಕ್ಲೀವ್‌ಲೆಂಡ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ, ಪ್ಲೇಫೇರನ ಗ್ರಾಫನ್ನೇ ಉದಾಹರಣೆಯಾಗಿ ಹಿಡಿದು ಒಂದು ಸಂಗತಿಯನ್ನು ತೋರಿಸಿಕೊಟ್ಟ. ಎರಡು ಗೆರೆಗಳು ಕಡಿದಾಗಿ ಏರುತ್ತಿರುವಾಗ, ಅವುಗಳ ನಡುವಿನ ಅಂತರವನ್ನು ನಮ್ಮ ಕಣ್ಣು ಸರಿಯಾಗಿ ಅಳೆಯಲಾರದು. ಅಳೆಯಬೇಕಾದದ್ದು ಮೇಲಿನಿಂದ ನೇರ ಕೆಳಕ್ಕೆ. ಕಣ್ಣು ಅಳೆಯುವುದು ಎರಡು ಗೆರೆಗಳು ಪರಸ್ಪರ ಎಷ್ಟು ಹತ್ತಿರವಿವೆ ಎಂಬ ಓರೆ ದೂರವನ್ನು. ಕಡಿದಾದ ಕಡೆಯಲ್ಲಿ ಓರೆ ದೂರ ಕಿರಿದಾಗಿ ಕಾಣುತ್ತದೆ. ನಮ್ಮ ಗ್ರಾಫ್‌ನಲ್ಲಿ ಎರಡೂ ಗೆರೆಗಳು ಉದ್ದಕ್ಕೂ ಏರುತ್ತಲೇ ಇವೆ. ವಿವರಣೆ ಬರೆಯುವವನು ಕಣ್ಣನ್ನು ನಂಬಬಾರದು, ಕಳೆಯುವ ಲೆಕ್ಕವನ್ನು ನಂಬಬೇಕು ಎಂಬುದು ನಾನು ಅಂದು ಕಲಿತ ಪಾಠ. ಕಾಣುವವರಿಗೇ ಸರಿಯಾಗಿ ಕಾಣದಿದ್ದುದನ್ನು ಕಾಣದವರಿಗೆ ಹೇಳಲು ಹೊರಟಿದ್ದೆ!

ನಾಲ್ಕನೆಯದು ನನ್ನ ವೃತ್ತಿಯಿಂದ ಬಂದ ತಪ್ಪು. ಅಂಕಿಗಳನ್ನೆಲ್ಲ ತಿದ್ದಿಕೊಂಡ ಮೇಲೆ, ಕೊನೆಗೆ ಒಂದು ವಾಕ್ಯ ಸೇರಿಸಿದೆ: "ಮೂರು ದಶಕಗಳ ಕಾಲ ಹೆಣ್ಣುಮಕ್ಕಳನ್ನು ಓದಿನಿಂದ ದೂರವಿಟ್ಟ ನಮ್ಮ ಸಮಾಜದ ನಾಚಿಕೆಗೇಡನ್ನು ಈ ಗೆರೆಗಳು ಸಾರುತ್ತವೆ." ಹುಡುಗಿ ಕೇಳಿಸಿಕೊಂಡು ಸುಮ್ಮನಿದ್ದಳು. ಆಮೇಲೆ, "ಸಾರ್, ಇದು ಗ್ರಾಫ್‌ನಲ್ಲಿ ಬರೆದಿದೆಯೋ, ನೀವು ಹೇಳಿದ್ದೋ?" ಎಂದಳು. ನಾನೇ ಹೇಳಿದ್ದು, ಆದರೆ ಸುಳ್ಳಲ್ಲವಲ್ಲಮ್ಮ, ಎಂದೆ. "ಸುಳ್ಳಲ್ಲ. ಆದರೆ ಕ್ಲಾಸಿನಲ್ಲಿ ಮಿಕ್ಕವರೆಲ್ಲ ಗ್ರಾಫ್ ನೋಡಿ ತಮಗೆ ಅನಿಸಿದ್ದನ್ನು ಹೇಳುತ್ತಾರೆ. ನನಗೆ ಮಾತ್ರ ನಿಮಗೆ ಅನಿಸಿದ್ದು ಮೊದಲೇ ಬಂದುಬಿಟ್ಟರೆ, ನನಗೇನನಿಸಿತು ಅನ್ನೋದು ನನಗೆ ಗೊತ್ತಾಗೋದು ಹೇಗೆ ಸಾರ್?"

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಅಲನ್ ಲುಂಡ್‌ಗಾರ್ಡ್ ಮತ್ತು ಅರವಿಂದ ಸತ್ಯನಾರಾಯಣ್ ಎಂಬ ಇಬ್ಬರು ಸಂಶೋಧಕರು ಇದೇ ಪ್ರಶ್ನೆಯನ್ನು ಕ್ರಮಬದ್ಧವಾಗಿ ವಿಚಾರಿಸಿದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಗ್ರಾಫ್‌ನ ವಿವರಣೆಯಲ್ಲಿ ಬರುವ ಮಾತುಗಳನ್ನು ಅವರು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು. ಮೊದಲನೆಯದು ಚೌಕಟ್ಟು: ಯಾವ ಬಗೆಯ ಗ್ರಾಫ್, ಅಕ್ಷಗಳ ಮೇಲೆ ಏನಿದೆ. ಎರಡನೆಯದು ಲೆಕ್ಕ: ಅತಿ ಹೆಚ್ಚು, ಅತಿ ಕಡಿಮೆ, ಹೋಲಿಕೆ. ಮೂರನೆಯದು ಆಕಾರ: ಏರಿಳಿತದ ಒಟ್ಟು ರೂಪ. ನಾಲ್ಕನೆಯದು ಸಂದರ್ಭ: ಕಾರಣಗಳು, ಸಾಮಾಜಿಕ ಅರ್ಥ. ಈ ವಾಕ್ಯಗಳನ್ನು 30 ಮಂದಿ ಅಂಧ ಓದುಗರ ಮುಂದೆಯೂ ಕಣ್ಣು ಕಾಣುವ 90 ಮಂದಿಯ ಮುಂದೆಯೂ ಇಟ್ಟರು. ಕಾಣುವವರು ನಾಲ್ಕನೆಯ ಬಗೆಯನ್ನು ಬಹಳ ಮೆಚ್ಚಿದರು. ಅಂಧ ಓದುಗರಿಗೆ ಹೆಚ್ಚು ಉಪಯುಕ್ತವೆನಿಸಿದ್ದು ಎರಡನೆಯ ಮತ್ತು ಮೂರನೆಯ ಬಗೆ. ನಾಲ್ಕನೆಯದನ್ನು ಅವರಲ್ಲಿ ಹಲವರು ಬೇಡವೆಂದೇ ಹೇಳಿದರು. ಹುಡುಗಿಯ ಮಾತು ಅವಳೊಬ್ಬಳದೇ ಅಲ್ಲ.

ನಮ್ಮ ಗಮಕ ಕಲೆಯಲ್ಲಿ ಈ ಮರ್ಯಾದೆ ಹಿಂದಿನಿಂದಲೂ ಇದೆ. ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ಕವಿಯ ಪದ್ಯ ಎಲ್ಲಿ ಮುಗಿಯಿತು, ವ್ಯಾಖ್ಯಾನಕಾರರ ಮಾತು ಎಲ್ಲಿ ಮೊದಲಾಯಿತು ಎಂಬುದರಲ್ಲಿ ಕೇಳುವವನಿಗೆ ಸಂದೇಹ ಬರುವುದಿಲ್ಲ. ನಾನು ಗೆರೆಯ ವಾಚನ ಮಾಡಬೇಕಾದ ಕಡೆಯಲ್ಲಿ ವ್ಯಾಖ್ಯಾನಕ್ಕೆ ಕುಳಿತಿದ್ದೆ. ಆ ವಾಕ್ಯವನ್ನು ಹೊಡೆದುಹಾಕಿದೆ.

ಇನ್ನು ಬರೆಯುವ ಕ್ರಮ. ಇದರಲ್ಲಿ ಕನ್ನಡದ ವಾಕ್ಯರಚನೆಯಿಂದ ಬರುವ ಒಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "1951ರಲ್ಲಿ 27.2 ಇದ್ದದ್ದು, 1961ರಲ್ಲಿ 40.4 ಆಗಿ, 1971ರಲ್ಲಿ 46ನ್ನು ಮುಟ್ಟಿ, 2011ರ ಹೊತ್ತಿಗೆ 80.9ಕ್ಕೆ ಏರಿದೆ" ಎಂದರೆ ವ್ಯಾಕರಣಕ್ಕೆ ಕುಂದಿಲ್ಲ. ಆದರೆ ಏರಿತೋ ಇಳಿಯಿತೋ ಎಂಬುದು ತಿಳಿಯುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೂ ಕೇಳುವವರು ಅಂಕಿಗಳನ್ನೆಲ್ಲ ಉಡಿಯಲ್ಲಿ ಕಟ್ಟಿಕೊಂಡು ಕಾಯಬೇಕು. ಕಣ್ಣಿನಲ್ಲಿ ಓದುವವರು ಒಮ್ಮೆ ಹಿಂದಿರುಗಿ ನೋಡಿಯಾರು. ಕಿವಿಗೆ ಆ ಸೌಲಭ್ಯ ಕಡಮೆ. ಆದ್ದರಿಂದ ದಿಕ್ಕನ್ನು ಮೊದಲು ಒಂದು ಪುಟ್ಟ ವಾಕ್ಯದಲ್ಲಿ ಹೇಳಿ ಮುಗಿಸಬೇಕು: "ಗಂಡಸರ ಗೆರೆ ಉದ್ದಕ್ಕೂ ಏರುತ್ತದೆ." ಅಂಕಿಗಳು ಅದರ ಹಿಂದೆ ಬರಲಿ. ಅಂತೆಯೇ "1951-61" ಎಂದು ನಡುವೆ ಅಡ್ಡಗೆರೆ ಹಾಕಬಾರದು. ಕೆಲವು ಯಂತ್ರಗಳು ಅದನ್ನು ನುಂಗಿಬಿಡುತ್ತವೆ, ಕೆಲವು ಕಳೆಯುವ ಚಿಹ್ನೆಯಾಗಿ ಓದುತ್ತವೆ. "1951ರಿಂದ 1961ರವರೆಗೆ" ಎಂದು ಬಿಡಿಸಿ ಬರೆದರೆ ಆ ಗೊಂದಲವಿಲ್ಲ.

ಇನ್ನೊಂದು ಮಾತು, ಶೇಕಡಾ ಎಂಬ ಪದದ್ದು. ಹೆಂಗಸರ ಸಾಕ್ಷರತೆ ನೂರಕ್ಕೆ 8.9ರಿಂದ 64.6 ಆಯಿತು. "ಶೇಕಡಾ 55.7ರಷ್ಟು ಹೆಚ್ಚಿತು" ಎಂದು ಬರೆದರೆ, ಹಿಂದಿದ್ದುದರ ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೆಳೆಯಿತೆಂದು ಕೇಳುವವರು ತಿಳಿಯಬಹುದು. ನಿಜದಲ್ಲಿ ಅದು ಏಳುಪಟ್ಟಿಗೂ ಮಿಕ್ಕಿ ಬೆಳೆದಿದೆ. "55.7 ಶೇಕಡಾ ಅಂಶ" ಎನ್ನಬೇಕು, ಇಲ್ಲವೆ "ನೂರಕ್ಕೆ 9 ಇದ್ದದ್ದು ನೂರಕ್ಕೆ 65 ಆಯಿತು" ಎಂದು ನಮ್ಮ ಅಂಗಡಿಯ ಕನ್ನಡದಲ್ಲಿಯೇ ಹೇಳಿಬಿಡಬೇಕು.

ಬಣ್ಣದ ವಿಚಾರದಲ್ಲಿಯೂ ನಾನು ಹಿಂದೆಮುಂದೆ ನೋಡಿದ್ದೆ. ಹುಟ್ಟಿನಿಂದ ಕಣ್ಣು ಕಾಣದವಳಿಗೆ ನೀಲಿ, ಕೆಂಪು ಎಂದು ಹೇಳಿ ಏನು ಪ್ರಯೋಜನವೆಂದು ಬಿಟ್ಟಿದ್ದೆ. "ಹೇಳಿಬಿಡಿ ಸಾರ್. ಕ್ಲಾಸಿನಲ್ಲಿ ಎಲ್ಲರೂ ಕೆಂಪು ಗೆರೆ, ಕೆಂಪು ಗೆರೆ ಅಂತಾರೆ. ಅದು ಯಾರದು ಅಂತ ನನಗೂ ಗೊತ್ತಿರಬೇಕಲ್ಲ" ಎಂದಳು. ಬಣ್ಣವನ್ನು ಒಮ್ಮೆ ಹೇಳುವುದು ಅದಕ್ಕಾಗಿ. ಆಮೇಲೆ ಮಾತ್ರ "ಕೆಂಪು ಗೆರೆ" ಎನ್ನದೆ "ಹೆಂಗಸರ ಗೆರೆ" ಎಂದೇ ಮುಂದುವರಿಯಬೇಕು.

ಕೊನೆಗೆ ಉಳಿದ ಪಾಠ ಹೀಗಾಯಿತು. ಚಿತ್ರದೊಡನೆ ಕಟ್ಟಿದ ಪರ್ಯಾಯ ಪಠ್ಯ:

"ಭಾರತದಲ್ಲಿ ಗಂಡಸರ ಮತ್ತು ಹೆಂಗಸರ ಸಾಕ್ಷರತೆ, 1951ರಿಂದ 2011ರವರೆಗೆ, ಎರಡು ಗೆರೆಗಳ ಗ್ರಾಫ್. ಎರಡೂ ಉದ್ದಕ್ಕೂ ಏರುತ್ತವೆ. ಹೆಂಗಸರ ಗೆರೆ ಯಾವಾಗಲೂ ಕೆಳಗಿದೆ. ಅಂತರ 1981ರಲ್ಲಿ ಅತಿ ಹೆಚ್ಚು, 2011ರಲ್ಲಿ ಅತಿ ಕಡಿಮೆ. ವಿವರಣೆ ಮತ್ತು ಕೋಷ್ಟಕ ಕೆಳಗಿವೆ."

ಅದರ ಕೆಳಗೆ ಬಂದ ವಿವರಣೆ:

"ಅಡ್ಡ ಅಕ್ಷದ ಮೇಲೆ ಹತ್ತು ವರ್ಷಕ್ಕೊಂದರಂತೆ ಏಳು ಗಣತಿಗಳಿವೆ. ಲಂಬ ಅಕ್ಷದ ಮೇಲೆ ನೂರಕ್ಕೆ ಎಷ್ಟು ಮಂದಿ ಸಾಕ್ಷರರು ಎಂಬುದಿದೆ. ಅದು 0ಯಿಂದ ಆರಂಭವಾಗಿ 100ರಲ್ಲಿ ಮುಗಿಯುತ್ತದೆ. ಗಂಡಸರ ಗೆರೆ ನೀಲಿ, ಹೆಂಗಸರದು ಕೆಂಪು. ಗಂಡಸರ ಗೆರೆ ಏರುತ್ತದೆ: 27.2ರಿಂದ 80.9ಕ್ಕೆ. ಹೆಂಗಸರ ಗೆರೆಯೂ ಏರುತ್ತದೆ: 8.9ರಿಂದ 64.6ಕ್ಕೆ. ಎರಡೂ ಎಲ್ಲಿಯೂ ಇಳಿಯುವುದಿಲ್ಲ, ಒಂದನ್ನೊಂದು ಎಲ್ಲಿಯೂ ಮುಟ್ಟುವುದಿಲ್ಲ. ನಡುವಣ ಅಂತರ ಮೊದಲು ಅಗಲವಾಗುತ್ತದೆ. ಮೊದಲ ದಶಕದಲ್ಲಿ ಗಂಡಸರ ಗೆರೆ 13 ಅಂಶ ಏರಿದರೆ ಹೆಂಗಸರದು ಏರುವುದು ಆರೂವರೆ ಅಂಶ, ಅಂತರ 18.3ರಿಂದ 25ಕ್ಕೆ ಹೋಗುತ್ತದೆ. 1971ರಲ್ಲಿ ತುಸು ಕುಗ್ಗಿ 24 ಆಗಿ, 1981ರಲ್ಲಿ 26.6 ಆಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಗಣತಿಯಲ್ಲೂ ಕಿರಿದಾಗುತ್ತದೆ; 2011ರಲ್ಲಿ 16.3. ಅಡಿಟಿಪ್ಪಣಿ: 1951, 1961, 1971ರ ಅಂಕಿಗಳು 5 ವರ್ಷ ಮತ್ತು ಮೇಲ್ಪಟ್ಟವರಿಗೆ ಸಂಬಂಧಿಸಿದವು, 1981ರಿಂದ ಈಚಿನವು 7 ವರ್ಷ ಮತ್ತು ಮೇಲ್ಪಟ್ಟವರಿಗೆ. 1981ರಲ್ಲಿ ಅಸ್ಸಾಂ, 1991ರಲ್ಲಿ ಜಮ್ಮು ಮತ್ತು ಕಾಶ್ಮೀರ ಸೇರಿಲ್ಲ."

ಈ ಅಡಿಟಿಪ್ಪಣಿ ಮೂಲದಲ್ಲಿ ಚಿತ್ರದ ಮೂಲೆಯಲ್ಲಿ ಇರುವೆಯ ಗಾತ್ರದ ಅಕ್ಷರಗಳಲ್ಲಿತ್ತು, ಚಿತ್ರದ ಒಳಗೇ ಸೇರಿಹೋಗಿತ್ತು. ನಾನು ಅದನ್ನು ಗಮನಿಸಿದ್ದೇ ಕೊನೆಗೆ. ಆದರೆ ಅದರ ತೂಕ ಸಣ್ಣದಲ್ಲ. ಐದಾರು ವರ್ಷದ ಮಕ್ಕಳನ್ನು ಲೆಕ್ಕದಿಂದ ಬಿಟ್ಟರೆ ಸಾಕ್ಷರರ ಪ್ರಮಾಣ ತಾನಾಗಿಯೇ ಸ್ವಲ್ಪ ಮೇಲೇಳುತ್ತದೆ. 1971ರಿಂದ 1981ಕ್ಕೆ ಗೆರೆಗಳು ಏರಿದ್ದರಲ್ಲಿ ಒಂದು ಪಾಲು ಓದಿನದಲ್ಲ, ಎಣಿಕೆಯ ಕ್ರಮದ್ದು. 24ರಿಂದ 26.6ಕ್ಕೆ ಹೋದ ಅಂತರವನ್ನೂ ಆ ಎಚ್ಚರದಿಂದಲೇ ನೋಡಬೇಕು. ಕಾಣುವವರಲ್ಲಿ ಎಷ್ಟು ಮಂದಿ ಆ ಮೂಲೆಯನ್ನು ಓದುತ್ತಾರೋ ಕಾಣೆ. ವಿವರಣೆಯನ್ನು ಕೇಳುವವರಿಗಂತೂ ಅದು ತಪ್ಪಿಹೋಗುವುದಿಲ್ಲ.

ವಿವರಣೆಯ ಕೆಳಗೆ ಕೋಷ್ಟಕ: ಏಳು ಸಾಲು, ವರ್ಷ, ಗಂಡಸರು, ಹೆಂಗಸರು, ಅಂತರ ಎಂಬ ನಾಲ್ಕು ಕಂಬಸಾಲು. ಕೋಷ್ಟಕವನ್ನು ಚಿತ್ರವಾಗಿ ಅಂಟಿಸಬಾರದು. ಸಾಲುಗಳೂ ಶೀರ್ಷಿಕೆಗಳೂ ಇರುವ ನಿಜವಾದ ಕೋಷ್ಟಕವಾಗಿಯೇ ಇಡಬೇಕು. ಹಾಗಿದ್ದರೆ ಓದುವವರು ಬಾಣದ ಕೀಲಿಗಳಿಂದ ಮನೆಯಿಂದ ಮನೆಗೆ ದಾಟುತ್ತ ಹೋಗಬಹುದು. ಯಾವ ಮನೆಗೆ ಬಂದರೂ ಯಂತ್ರ ಅದರ ಶೀರ್ಷಿಕೆಯನ್ನೂ ಅಂಕಿಯನ್ನೂ ಹೇಳುತ್ತದೆ.

ಎಲ್ಲ ಗ್ರಾಫ್‌ಗಳಿಗೂ ಈ ಉಪಾಯ ಸಾಕಾಗದು. ಸಾವಿರಾರು ಚುಕ್ಕೆಗಳು ಚೆಲ್ಲಿಕೊಂಡ ಗ್ರಾಫ್‌ನ ಕೋಷ್ಟಕವನ್ನು ಕೇಳುತ್ತ ಕುಳಿತುಕೊಳ್ಳುವುದು ಯಾರಿಂದಲೂ ಆಗದು. ಅಲ್ಲಿ ಆಕಾರದ ವಿವರಣೆಯೇ ಗತಿ. ಅಂಕಿಗಳ ಪಟ್ಟಿ ದೊರೆಯದೆ ಚಿತ್ರ ಮಾತ್ರವೇ ಇದ್ದರೆ, ಗೆರೆಯನ್ನು ನೋಡಿ ಅಂದಾಜು ಮಾಡಿದ ಅಂಕಿಗೆ "ಸುಮಾರು" ಎಂದು ಸೇರಿಸಿ ಹೇಳುವುದೇ ಪ್ರಾಮಾಣಿಕತೆ. ಉಬ್ಬು ಗೆರೆಗಳ ಕಾಗದದ ಮೇಲೆ ಬೆರಳಾಡಿಸಿ ತಿಳಿಯುವ ಗ್ರಾಫ್‌ಗಳೂ ಇವೆ. ಎರಡು ಮೂರು ಗೆರೆಗಳಿದ್ದರೆ ಅವು ಬಹಳ ಚೆನ್ನ, ಹೆಚ್ಚಾದರೆ ಬೆರಳು ದಾರಿ ತಪ್ಪುತ್ತದೆ.

ಇಷ್ಟನ್ನೆಲ್ಲ ಮುಗಿಸಿ ಪಾಠವನ್ನು ಹುಡುಗಿಗೆ ಕಳಿಸಿದೆ. ಎರಡು ದಿನಗಳ ಮೇಲೆ ದೂರವಾಣಿಯಲ್ಲಿ ಮಾತಾಡಿದಳು. "ಸಾರ್, ಕೋಷ್ಟಕದಲ್ಲಿ ಒಂದು ಸಿಕ್ಕಿತು. 2011ರಲ್ಲಿ ಹೆಂಗಸರು 64.6. ಗಂಡಸರ ಸಾಲಿನಲ್ಲಿ ಮೇಲಕ್ಕೆ ಹೋಗ್ತಾ ಹೋದೆ. 1991ರಲ್ಲಿ ಗಂಡಸರು 64.1. ಅಂದರೆ ಗಂಡಸರು 1991ರಲ್ಲಿ ಎಲ್ಲಿದ್ದರೋ, ಹೆಂಗಸರು ಅಲ್ಲಿಗೆ ಬಂದದ್ದು 2011ಕ್ಕೆ. ಇಪ್ಪತ್ತು ವರ್ಷ ಹಿಂದೆ. ಇದನ್ನ ನೀವು ಬರೆದಿಲ್ಲ."

ನಾನು ಬರೆದಿರಲಿಲ್ಲ, ಏಕೆಂದರೆ ನಾನು ಕಂಡಿರಲಿಲ್ಲ. ಗ್ರಾಫನ್ನು ಮತ್ತೆ ತೆರೆದು ನೋಡಿದೆ. ಕೆಂಪು ಗೆರೆಯ ಕೊನೆಯಿಂದ ಎಡಕ್ಕೆ ಅಡ್ಡವಾಗಿ ಬೆರಳಾಡಿಸಿದರೆ, ಅದು ನೀಲಿ ಗೆರೆಯನ್ನು ಸರಿಯಾಗಿ 1991ರ ಬಳಿಯೇ ಮುಟ್ಟುತ್ತದೆ. ಅಷ್ಟು ದಿನ ಎರಡು ಗೆರೆಗಳ ನಡುವೆ ಮೇಲಿಂದ ಕೆಳಕ್ಕೆ ಮಾತ್ರ ನೋಡಿದ್ದ ನನಗೆ ಅಡ್ಡ ನೋಡಬೇಕೆಂದು ತೋಚಿರಲಿಲ್ಲ. ಎರಡೂ ಗಣತಿಗಳು 7 ವರ್ಷದ ಲೆಕ್ಕದವೇ ಆದ್ದರಿಂದ ಹೋಲಿಕೆಯೂ ನ್ಯಾಯವಾದದ್ದು. ಅಡಿಟಿಪ್ಪಣಿಯನ್ನು ನೋಡಿಕೊಂಡೇ ಅವಳು ಆ ಮಾತು ಹೇಳಿದ್ದಳು.

ಆ ವಾಕ್ಯವನ್ನು ವಿವರಣೆಯಲ್ಲಿ ಸೇರಿಸಲೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಬೇಡ ಸಾರ್. ಮುಂದೆ ಓದೋರಿಗೂ ಕೋಷ್ಟಕ ಇದೆಯಲ್ಲ" ಎಂದಳು.